ಪರದೇಶದಲ್ಲಿ ಮೊದಲ ತಿಂಗಳ ಬಾಡಿಗೆ

ಜರ್ಮನಿಗೆ ಓದಲು ಹೋಗುವ ಭಾರತೀಯ ವಿದ್ಯಾರ್ಥಿಗಳಲ್ಲಿ ಹಲವರು ಮೊದಲ ತಿಂಗಳ ಬಾಡಿಗೆ ಕಟ್ಟುವುದು ಮನೆಯವರು ಕೂಡಿಟ್ಟ ದುಡ್ಡಿನಿಂದಲೇ. ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಮೊದಲೇ ಇಟ್ಟು ತೋರಿಸುವುದು ರೂಢಿ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಅದನ್ನು ಒಟ್ಟಿಗೆ ತೆಗೆಯಲು ಬರುವುದಿಲ್ಲ. ಅಲ್ಲಿಗೆ ಹೋಗಿ ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೊ ಆ ಖಾತೆಗೆ ಬರುತ್ತದೆ. ಮೊದಲ ಬಾಡಿಗೆಯ ಲೆಕ್ಕವೆಲ್ಲ ಈ ಒಂದು ಅಂಕಿಯ ಸುತ್ತ ತಿರುಗುತ್ತದೆ.

ಇದನ್ನು ಒಂದು ಪುಟ್ಟ ಕಥೆಯಾಗಿ ನೋಡಬಹುದು. ದಾವಣಗೆರೆಯ ಹುಡುಗಿಯೊಬ್ಬಳು ಲೈಪ್‌ಜಿಗ್‌ನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಕೋಣೆಯ ಮೂಲ ಬಾಡಿಗೆ 330 ಯೂರೊ. ನೀರು, ಹೀಟರು, ಕಸ ವಿಲೇವಾರಿ ಸೇರಿ ಮತ್ತೆ 100. ಅಡ್ವಾನ್ಸ್ 990. ಅಕ್ಟೋಬರ್ ಮೊದಲ ವಾರದ ಒಂದು ಸಂಜೆ, ಅಲ್ಲಿ ಐದು ಗಂಟೆ, ಊರಿನಲ್ಲಿ ಎಂಟೂವರೆ. ವಿಡಿಯೊ ಕರೆಯ ಆಚೆ ಅಪ್ಪ, ಅಮ್ಮ, ಅಜ್ಜಿ ಒಂದೇ ಫೋನಿನ ಮುಂದೆ ಕೂತಿದ್ದಾರೆ.

ಅಪ್ಪನ ಮೊದಲ ಚಿಂತೆ ಅಡ್ವಾನ್ಸಿನದು. ಮಾಲೀಕರು ಪೂರ್ತಿ ಕೇಳಿದರೆ ಬಾಡಿಗೆ ಸೇರಿ 1,420 ಯೂರೊ ಆಗುತ್ತದೆ, ಆ ತಿಂಗಳ 992 ಸಾಲುವುದಿಲ್ಲ. ಆದರೆ ಜರ್ಮನಿಯ ಕಾನೂನು ಈ ಕಡೆ ಬಾಡಿಗೆದಾರರ ಪರವಾಗಿದೆ. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರಬಾರದು. ಅದನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟುವ ಹಕ್ಕೂ ಇದೆ. ಹಾಗಾಗಿ ಈಗ ಕಟ್ಟಬೇಕಾದ್ದು 430 ಬಾಡಿಗೆ, 330 ಮೊದಲ ಕಂತು, ಒಟ್ಟು 760. ಉಳಿಯುವ 232ರಲ್ಲಿ ಆರೋಗ್ಯ ವಿಮೆಗೇ ಸುಮಾರು 140 ಹೋಗುತ್ತದೆ. ಊಟಕ್ಕೆ ಉಳಿಯುವುದು ನೂರಕ್ಕೂ ಕಡಿಮೆ. ಮೊದಲ ಎರಡು ಮೂರು ತಿಂಗಳಿಗೆ ಬೇರೆ ದುಡ್ಡು ಕೈಯಲ್ಲಿರಲೇಬೇಕು ಎಂದು ಹಿರಿಯ ವಿದ್ಯಾರ್ಥಿಗಳು ಹೇಳುವುದು ಇದಕ್ಕೇ.

ಮನೆಯವರು ಪರದೆಯನ್ನು ನೋಡಬೇಕೆಂದು ಹುಡುಗಿ ಸ್ಕ್ರೀನ್ ಹಂಚುತ್ತಾಳೆ. ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ದಾವಣಗೆರೆಯಲ್ಲಿ ಕಪ್ಪು ಪರದೆ. ಕೆಟ್ಟದ್ದೇನೂ ಆಗಿಲ್ಲ, ಕಳ್ಳಗಣ್ಣು ಬೀಳದಿರಲಿ ಎಂದು ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಹಂಚುವುದನ್ನೇ ತಡೆಯುತ್ತವೆ. ಅವಳು ಒಂದೊಂದಾಗಿ ಓದಿ ಹೇಳುತ್ತಾಳೆ. ಯುಪಿಐಯಂತೆ ಫೋನ್ ನಂಬರ್ ಸಾಕಾಗುವುದಿಲ್ಲ. ಒಪ್ಪಂದ ಪತ್ರದಲ್ಲಿರುವ ಐಬಾನ್ ಬೇಕು. ಜರ್ಮನ್ ಖಾತೆಯಾದರೆ ಅದು DE ಎಂದು ಶುರುವಾಗಿ 22 ಅಕ್ಷರ ಮತ್ತು ಅಂಕಿಗಳಷ್ಟು ಉದ್ದವಿರುತ್ತದೆ. DE ಆದಮೇಲಿನ ಎರಡು ಅಂಕಿಗಳು ತಾಳೆ ನೋಡಲೆಂದೇ ಇರುವುದರಿಂದ ಒಂದು ಅಂಕಿ ತಪ್ಪಿದರೆ ಆ್ಯಪ್ ಅಲ್ಲೇ ತಡೆಯುತ್ತದೆ. ವಿವರದ ಜಾಗದಲ್ಲಿ ಅವಳು ತನ್ನ ಹೆಸರು, ಕೋಣೆಯ ಸಂಖ್ಯೆ, ತಿಂಗಳು ಬರೆಯುತ್ತಾಳೆ. ಇಲ್ಲದಿದ್ದರೆ ಹಣ ಯಾರದು, ಯಾವುದಕ್ಕೆ ಎಂಬುದು ಮಾಲೀಕರಿಗೆ ತಿಳಿಯುವುದಿಲ್ಲ.

“ಮೊದಲು ಒಂದು ರೂಪಾಯಿ ಹಾಕಿ ನೋಡು ಪುಟ್ಟಿ, ಹೆಸರು ಬರುತ್ತಾ ಅಂತ” ಎನ್ನುತ್ತಾರೆ ಅಪ್ಪ. ಇಲ್ಲಿನ ಈ ಜಾಣತನಕ್ಕೆ ಅಲ್ಲಿ ಈಗ ಬೇರೆ ವ್ಯವಸ್ಥೆ ಬಂದಿದೆ. 2025ರ ಅಕ್ಟೋಬರ್ 9ರಿಂದ ಯೂರೊ ವಲಯದ ಬ್ಯಾಂಕುಗಳು ಹಣ ಕಳಿಸುವ ಮುನ್ನವೇ ಹೆಸರು ಮತ್ತು ಐಬಾನ್ ಹೊಂದುತ್ತವೆಯೇ ಎಂದು ನೋಡಿ ತಿಳಿಸಬೇಕು. ಪೂರ್ತಿ ಹೊಂದಿದರೆ ಸರಿ. ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಖಾತೆಯಲ್ಲಿರುವ ಸರಿಯಾದ ಹೆಸರನ್ನು ತೋರಿಸುತ್ತದೆ. ಹೊಂದದಿದ್ದರೆ ಎಚ್ಚರಿಕೆ ಕೊಡುತ್ತದೆ. ಆದರೂ ಒತ್ತಿದರೆ ನಷ್ಟ ಒತ್ತಿದವರದೇ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಖಾತೆ ಆ ಹೆಸರಿನವರದು ಎಂದಷ್ಟೇ ಅದು ಹೇಳುತ್ತದೆ, ಮನೆ ಅವರದು ಎಂದಲ್ಲ. “ನಾನು ಊರಲ್ಲಿಲ್ಲ, ದುಡ್ಡು ಹಾಕಿ, ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ” ಎನ್ನುವ ಮೋಸಗಾರನ ಹೆಸರೂ ಅವನ ಖಾತೆಗೆ ಸರಿಯಾಗಿಯೇ ಹೊಂದುತ್ತದೆ. ಇವಳು ಕೋಣೆ ನೋಡಿ, ಕೀಲಿ ಪಡೆದು, ಸಹಿ ಮಾಡಿದ ಮೇಲೆ ಕಳಿಸುತ್ತಿದ್ದಾಳೆ. ಅದೇ ಅವಳ ನಿಜವಾದ ರಕ್ಷಣೆ.

ಕೊನೆಗೆ ಬೆರಳಚ್ಚು ಕೊಟ್ಟು ಒಪ್ಪಿಗೆ. ತಕ್ಷಣದ ಪಾವತಿ ಆರಿಸಿದ್ದರಿಂದ ಹತ್ತು ಸೆಕೆಂಡಿನೊಳಗೆ ಹಣ ಮುಟ್ಟುತ್ತದೆ. ಇದಕ್ಕೆ ಮಾಮೂಲಿ ವರ್ಗಾವಣೆಗಿಂತ ಹೆಚ್ಚು ಶುಲ್ಕ ಹಾಕುವಂತಿಲ್ಲ. ಹೋದ ಹಣವನ್ನು ಪಡೆದವರು ಒಪ್ಪದೆ ವಾಪಸು ತರುವುದು ಕಷ್ಟ. “ಹೋಯ್ತಾ?” ಎಂದು ಅಜ್ಜಿ ಕೇಳುತ್ತಾರೆ. ಹುಡುಗಿ ರಸೀದಿಯ ಪಿಡಿಎಫ್ ಅನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾಳೆ.

ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು. ಬಾಡಿಗೆ ಕಟ್ಟಿದ ರಸೀದಿಯನ್ನು ಅದರ ಬದಲಿಗೆ ಕೊಟ್ಟರೆ ನಡೆಯುವುದಿಲ್ಲ.