ಬಜ್ಪೆಯಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ?

ಆಟಿ ತಿಂಗಳ ಮಳೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ವಿಮಾನ ಹತ್ತಿದವರಲ್ಲಿ ಕೆಲವರಿಗಾದರೂ ಇದು ಗೊತ್ತು. ಬಜ್ಪೆಯ ಮೇಲೆ ಸುತ್ತು ಹಾಕಿ, ಕಿಟಕಿಯಾಚೆ ಬರೀ ಬಿಳಿ ಮೋಡ ನೋಡಿ, ಕೊನೆಗೆ ಹತ್ತಿದಲ್ಲಿಗೇ ಬಂದು ಇಳಿಯುವುದು. “ಪಕ್ಕದ ಕಣ್ಣೂರಿನಲ್ಲಾದರೂ ಇಳಿಸಬಾರದಿತ್ತೇ? ಬಸ್ಸು ಹಿಡಿದು ರಾತ್ರಿಯೊಳಗೆ ಮನೆ ಸೇರುತ್ತಿದ್ದೆವು” ಎಂದು ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಆದರೆ ಎಲ್ಲಿಗೆ ತಿರುಗಬೇಕೆಂಬುದು ಹೆಚ್ಚಾಗಿ ವಿಮಾನ ನೆಲದಲ್ಲಿರುವಾಗಲೇ, ಬ್ರೀಫಿಂಗ್ ಕಾಗದ ಮುಂದಿಟ್ಟುಕೊಂಡು ಪೈಲಟ್ ಮತ್ತು ಡಿಸ್ಪ್ಯಾಚರ್ ಮಾಡಿಕೊಂಡ ಲೆಕ್ಕ.

ಮೊದಲು ನೋಡುವುದು ನೋಟಾಮ್. ರನ್‌ವೇ ಮುಚ್ಚಿದೆ, ದೀಪ ಕೆಟ್ಟಿದೆ, ಹತ್ತಿರದಲ್ಲಿ ಕ್ರೇನ್ ನಿಂತಿದೆ ಎಂದೆಲ್ಲ ತಿಳಿಸುವ ಪ್ರಕಟಣೆ ಅದು. 2023ರ ಆರಂಭದಲ್ಲಿ ಮಂಗಳೂರಿನ ರನ್‌ವೇಗೆ ಹೊಸ ಡಾಂಬರು ಹಾಕಲು ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 9:30ರಿಂದ ಸಂಜೆ 6ರವರೆಗೆ ಮುಚ್ಚುತ್ತಿದ್ದರು. ಅಂಥದ್ದನ್ನು ನೋಟಾಮ್ ಭಾಷೆಯಲ್ಲಿ ಬರೆದರೆ ಸುಮಾರು ಹೀಗಿರುತ್ತದೆ:

```
A) VOML
D) DAILY 0400-1230 EXC SUN
E) RWY 06/24 CLSD
```

VOML ಎಂದರೆ ಮಂಗಳೂರು. 0400 ಎಂದರೆ ನಸುಕಿನ ನಾಲ್ಕು ಗಂಟೆಯಲ್ಲ. ಅದು ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ 9:30. ಹೊಸಬರು ಎಡವುವ ಜಾಗ ಇದೇ. 9:15ಕ್ಕೆ ಇಳಿಯಬೇಕಾದ ವಿಮಾನ ಇಪ್ಪತ್ತು ನಿಮಿಷ ತಡವಾದರೂ ಸಾಕು, ಬಾಗಿಲು ಹಾಕಿರುತ್ತದೆ. ಎಂಟೂವರೆ ಗಂಟೆ ಸುತ್ತು ಹಾಕಿ ಕಾಯುವಂತೆಯೂ ಇಲ್ಲ.

ಮಳೆಗಾಲದ ಪ್ರಶ್ನೆ ಬೇರೆ. ರನ್‌ವೇ ತೆರೆದಿರುತ್ತದೆ, ಕಾಣುವುದಿಲ್ಲ. ಜುಲೈ 14ರಂದು ಮಧ್ಯಾಹ್ನ ಮೂರಕ್ಕೆ, ಅಂದರೆ ಯುಟಿಸಿ 0930ಕ್ಕೆ, ಇಳಿಯುವ ವಿಮಾನವೊಂದಿದೆ ಎನ್ನಿ. ಅದರ ಹವಾ ಮುನ್ಸೂಚನೆ, ಪೈಲಟ್‌ಗಳ ಮಾತಿನಲ್ಲಿ ಟಾಫ್, ಹೀಗಿದೆ ಎಂದು ಇಟ್ಟುಕೊಳ್ಳೋಣ:

```
TAF VOML 140500Z 1406/1415 25012KT 4000 -RA BKN012
TEMPO 1408/1412 1500 RA BKN008=
```

ಮೊದಲ ಸಾಲು ಪರವಾಗಿಲ್ಲ. ತುಂತುರು ಮಳೆ, ನಾಲ್ಕು ಕಿಲೋಮೀಟರ್ ದೃಷ್ಟಿ, ಸಾವಿರದ ಇನ್ನೂರು ಅಡಿಯಲ್ಲಿ ಮೋಡ. ತೊಡಕಿರುವುದು TEMPO ಎಂಬ ಎರಡನೆಯ ಸಾಲಿನಲ್ಲಿ. ನಮ್ಮ ಮಧ್ಯಾಹ್ನ 1:30ರಿಂದ 5:30ರ ನಡುವೆ ಆಗಾಗ ಮಳೆ ಜೋರಾಗಿ ದೃಷ್ಟಿ ಒಂದೂವರೆ ಕಿಲೋಮೀಟರಿಗೆ, ಮೋಡ ಎಂಟುನೂರು ಅಡಿಗೆ ಇಳಿಯುತ್ತದೆ. ಹಾಗೆ ಕೆಟ್ಟಾಗ ಒಂದೊಂದು ಸಲವೂ ಒಂದು ಗಂಟೆಯೊಳಗೇ ತಿಳಿಯಾಗುವ ನಿರೀಕ್ಷೆ ಇದೆ ಎಂಬ ಅರ್ಥವೂ TEMPOದಲ್ಲೇ ಅಡಗಿದೆ. ಅಂದರೆ ಸ್ವಲ್ಪ ಹೊತ್ತು ಕಾದರೆ ಕೆಲಸ ಆಗಬಹುದು. ಕಾಯಲು ಇಂಧನ ಬೇಕು.

ಇನ್ನು ಆಲ್ಟರ್ನೇಟ್, ಅಂದರೆ ಪರ್ಯಾಯ ನಿಲ್ದಾಣ. ನಕ್ಷೆ ನೋಡಿದರೆ ಕಣ್ಣೂರೇ ಹತ್ತಿರ. ಆದರೆ ಕಣ್ಣೂರು, ಕೋಯಿಕ್ಕೋಡ್, ಕೊಚ್ಚಿ ಎಲ್ಲವೂ ಅದೇ ಕರಾವಳಿಯವು. ಬಜ್ಪೆಯನ್ನು ಮುಚ್ಚಿದ ಮೋಡದ ಸಾಲು ಅಲ್ಲಿಯೂ ಸುರಿಯುತ್ತಿರುವ ಸಾಧ್ಯತೆಯೇ ಹೆಚ್ಚು. ಪರ್ಯಾಯವಾಗಿ ಬರೆಯುವ ನಿಲ್ದಾಣದ ಮುನ್ಸೂಚನೆ ಮಾಮೂಲಿ ಇಳಿಯುವ ಮಿತಿಗಿಂತ ಚೆನ್ನಾಗಿರಬೇಕೆಂಬ ನಿಯಮವೂ ಇದೆ. ಘಟ್ಟದ ಈಚೆಗಿನ ಬೆಂಗಳೂರಿನಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಮೋಡ ಕವಿದ ಆಕಾಶ, ಅಷ್ಟೇ. ಮೇಲಾಗಿ ಎರಡು ರನ್‌ವೇ. ಹಾಗಾಗಿ ಹೊರಟ ಊರೇ ಪರ್ಯಾಯ. (ಜನವರಿಯ ಮುಂಜಾವಾಗಿದ್ದರೆ ಮಂಜಿನ ಭಯದಿಂದ ಇದೇ ಬೆಂಗಳೂರನ್ನು ಬರೆಯಲು ಕೈ ಹಿಂಜರಿಯುತ್ತಿತ್ತು.)

ಈ ಆಯ್ಕೆಗೆ ಬೆಲೆ ಇದೆ. ಏರ್‌ಬಸ್ ಎ320 ಗಾತ್ರದ ವಿಮಾನ ಗಂಟೆಗೆ ಅಂದಾಜು ಎರಡೂವರೆ ಟನ್ ಇಂಧನ ಕುಡಿಯುತ್ತದೆ. ಮಂಗಳೂರಿಗೆ ಹೋಗಲು 2 ಟನ್, ಬೆಂಗಳೂರಿಗೆ ಮರಳಲು ಇನ್ನೊಂದು 2 ಟನ್, ಯಾವ ಕಾರಣಕ್ಕೂ ಮುಟ್ಟದಂತೆ ಯೋಜಿಸುವ ಅರ್ಧ ಗಂಟೆಯ ಕೊನೆಯ ಮೀಸಲು 1.1 ಟನ್, ನೆಲದ ಓಡಾಟಕ್ಕೂ ಹೆಚ್ಚುಕಮ್ಮಿಗೂ ಸೇರಿ 0.4 ಟನ್. ಒಟ್ಟು ಐದೂವರೆ. ಮೇಲೆ ಅರ್ಧ ಗಂಟೆ ಕಾಯಲೆಂದು ಕ್ಯಾಪ್ಟನ್ 1.2 ಟನ್ ಹೆಚ್ಚು ಕೇಳುತ್ತಾರೆ. ಬೇಕಾದಷ್ಟು ತುಂಬಿಸಿಕೊಳ್ಳಬಹುದಲ್ಲ ಎಂದರೆ, ಭಾರ ಹೆಚ್ಚಿದಷ್ಟೂ ನಿಲ್ಲಲು ಹೆಚ್ಚು ಉದ್ದ ಬೇಕು. ಬಜ್ಪೆಯದು ಗುಡ್ಡದ ತಲೆಯ ಮೇಲಿನ 2,450 ಮೀಟರ್‌ನ ರನ್‌ವೇ, ಅದೂ ಒದ್ದೆ.

ಈಗ ಆ ಸುತ್ತುಗಳ ಒಳಗುಟ್ಟು ತಿಳಿಯುತ್ತದೆ. ಮರಳುವ 2 ಟನ್ ಮತ್ತು ಮೀಸಲು 1.1 ಟನ್ ಸೇರಿ 3.1. ಗೇಜಿನಲ್ಲಿ ಆ ಅಂಕಿ ಕಂಡಾಗ ಮೋಡ ಸರಿಯದಿದ್ದರೆ, ಸಾಮಾನ್ಯವಾಗಿ ಬೆಂಗಳೂರಿನತ್ತ ಮೂತಿ ತಿರುಗಿಸಲೇಬೇಕು.

ಇಷ್ಟೆಲ್ಲ ಕೂಡಿಸಿ ಕಳೆದ ಲೆಕ್ಕ ಫ್ಲೈಟ್ ಪ್ಲಾನ್‌ನಲ್ಲಿ ಒಂದು ತುಂಡು ಸಾಲಾಗಿ ಕೂರುತ್ತದೆ: `-VOML0045 VOBL`. ಗುರಿ ಮಂಗಳೂರು, ಮುಕ್ಕಾಲು ಗಂಟೆ, ಪರ್ಯಾಯ ಬೆಂಗಳೂರು. ಹೊರಡುವ ಒಂದು ಗಂಟೆಯ ಮೊದಲಾದರೂ ಇದನ್ನು ಸಲ್ಲಿಸಬೇಕು. ಹೊರಡುವುದು ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಆ ವಿಷಯವನ್ನೂ ಸಂದೇಶವಾಗಿ ಕಳಿಸಬೇಕು. ಅಷ್ಟರಲ್ಲಿ ಹೊಸ ಟಾಫ್ ಬಂದಿದ್ದರೆ ಕಾಗದವನ್ನು ಮತ್ತೆ ಮೇಲಿನಿಂದ ಓದಬೇಕು.