ಹೊಗೆಯಿಲ್ಲದ ತಂಬಾಕು, ಹೊಟ್ಟೆಯಲ್ಲಿರುವ ಕೂಸು

ಬೀಡಿ, ಸಿಗರೇಟು ಮುಟ್ಟದ ಬಸುರಿ ಹೆಣ್ಣುಮಗಳೂ ಊಟವಾದ ಮೇಲೆ ಎಲೆ-ಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ವಾಕರಿಕೆ ತಡೆಯುತ್ತದೆ ಎಂದು ಹಿರಿಯರೇ ಕೊಡುವುದುಂಟು. ಹೊಗೆ ಇಲ್ಲವಲ್ಲ, ಮಗುವಿಗೇನಾದೀತು ಎಂಬ ನಂಬಿಕೆ ತಪ್ಪು.

ಕೆನ್ನೆಯೊಳಗಿಟ್ಟ ಸೊಪ್ಪಿನ ನಿಕೋಟಿನ್ ಬಾಯಿಯ ತೆಳುಪೊರೆಯಿಂದ ನೇರವಾಗಿ ರಕ್ತಕ್ಕಿಳಿಯುತ್ತದೆ. ಅದು ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಗರ್ಭಕ್ಕೆ ಹರಿಯುವ ರಕ್ತ ತಗ್ಗುತ್ತದೆ. ಮಾಸು ಅದನ್ನು ತಡೆಯಲಾರದು. ನಿಕೋಟಿನ್ ಮಗುವಿನ ಮೈಯನ್ನೂ ಸೇರುತ್ತದೆ. ಆಹಾರ, ಆಮ್ಲಜನಕ ಎರಡೂ ಸಾಲದೆ ಕೂಸು ಸೊರಗುತ್ತದೆ.

ಮುಂಬಯಿಯ ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವಧಿಗೆ ಮುನ್ನ ಹೆರಿಗೆಯೂ ಅವರಲ್ಲೇ ಹೆಚ್ಚು. 105 ಗ್ರಾಂ ಅಲ್ಪವೆನ್ನಿಸಬಹುದು. ಆದರೆ 2.6 ಕಿಲೋ ತೂಗಬೇಕಿದ್ದ ಮಗು ಅಷ್ಟರಿಂದಲೇ 2.5 ಕಿಲೋಗಿಂತ ಕೆಳಗಿಳಿದು ಕಡಿಮೆ ತೂಕದ ಮಕ್ಕಳ ಸಾಲಿಗೆ ಸೇರುತ್ತದೆ. ಅಂಥ ಮಕ್ಕಳಿಗೆ ಸೋಂಕಿನ ಭಯ ಜಾಸ್ತಿ.

ಕಾಫಿಯನ್ನು ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ಇಳಿಸಿದರೆ ಸಾಕು. ಮದ್ಯಕ್ಕೆ, ತಂಬಾಕಿಗೆ ಆ ರಿಯಾಯಿತಿ ಇಲ್ಲ. ಎಷ್ಟನೇ ತಿಂಗಳಾದರೂ ಸರಿ, ಬಿಟ್ಟರೆ ಲಾಭವಿದೆ. ಬಿಡುವುದು ಕಷ್ಟವೆನಿಸಿದರೆ ಆಶಾ ಕಾರ್ಯಕರ್ತೆಗೆ ನಾಚಿಕೆಯಿಲ್ಲದೆ ಹೇಳಿ, ಇಲ್ಲವೇ ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆಮಾಡಿ.