ನಾಳೆ ಗ್ರೌಂಡ್ ಇಲ್ಲ, ಮೂರೂವರೆಗೆ ಇಂಡೋರ್

ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಕ್ರಿಕೆಟ್ ಅಭ್ಯಾಸವನ್ನು ಕೆಡಿಸುವುದು ಹೆಚ್ಚಾಗಿ ಶನಿವಾರ ರಾತ್ರಿಯ ಮಳೆ. ಮೇ ತಿಂಗಳಲ್ಲಾಗಲಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಾಗಲಿ ಇಲ್ಲಿ ಮಳೆ ಸುರಿಯುವುದು ಬಹುಮಟ್ಟಿಗೆ ಮಧ್ಯಾಹ್ನ ಕಳೆದ ಮೇಲೆ. ಬೆಳಗಾದರೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಆಗ ‘ಪ್ರಾಕ್ಟೀಸ್ ಇಲ್ಲ’ ಎಂದು ಕೋಚ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರೆ ಪೋಷಕರಿಂದ ಬರುವ ಮೊದಲ ಉತ್ತರವೇ ‘ಬಿಸಿಲು ಬಂದಿದೆಯಲ್ಲ ಸರ್?’

ಬಿಸಿಲಿಗೂ ನೆಲದೊಳಗಿನ ನೀರಿಗೂ ತಕ್ಷಣದ ಸಂಬಂಧವಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 65 ಮೀಟರ್ ತ್ರಿಜ್ಯದ ಮೈದಾನಕ್ಕೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2.65 ಲಕ್ಷ ಲೀಟರ್. ಬೇಸಿಗೆಯಲ್ಲಿ ಮನೆಗಳಿಗೆ ಬರುವ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 44 ಟ್ಯಾಂಕರ್. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಾದರೆ 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ನೆಲದಡಿಯ ಕೊಳವೆಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಶಾಲೆಯ ಮೈದಾನವನ್ನು ಬಾಡಿಗೆಗೆ ಪಡೆದ ಅಕಾಡೆಮಿಗೆ ಇರುವುದು ಬಕೆಟ್, ಸ್ಪಂಜು, ಟಾರ್ಪಾಲು ಮತ್ತು ಒಬ್ಬ ಮಾಲಿ.

ಕೋಚ್ ಮೊದಲು ನೋಡಬೇಕಾದದ್ದು ಕಣ್ಣಿಗೆ ಕಾಣುವ ಗುಂಡಿಯ ನೀರನ್ನಲ್ಲ, ಬೌಲರ್‌ನ ಮುಂಗಾಲು ಬೀಳುವ ಜಾಗವನ್ನು. ಚೆಂಡು ಬಿಡುವ ಕ್ಷಣದಲ್ಲಿ ಆ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ನೆಲ ಅಲ್ಲಿ ಜಾರಿದರೆ ಮಂಡಿ, ಪಾದದ ಕೀಲು, ತೊಡೆಸಂದು ಒಂದೇ ಏಟಿಗೆ ತಿರುಚಿಕೊಳ್ಳಬಹುದು. ಪರೀಕ್ಷೆ ಸುಲಭ. ಹಿಮ್ಮಡಿ ಊರಿ ಭಾರ ಹಾಕಿದಾಗ ಸುತ್ತ ನೀರು ಒಸರಿದರೆ, ಹೆಬ್ಬೆರಳು ಒತ್ತಿದ ಗುರುತು ಪಿಚ್ ಮೇಲೆ ಉಳಿದರೆ, ಆ ಬೆಳಗ್ಗೆ ಅಲ್ಲಿ ಆಟವಿಲ್ಲ. ಟಾರ್ಪಾಲು ಹೊದಿಸಿದ್ದರೂ ಈ ಪರೀಕ್ಷೆ ಬಿಡುವಂತಿಲ್ಲ, ಹೊದಿಕೆಯ ಅಡಿಯಲ್ಲಿ ನೆಲ ಬೆವರುತ್ತದೆ. ಪಿಚ್‌ನ ಮಣ್ಣು ಜೇಡಿ. ನಿಧಾನವಾಗಿ ಕುಡಿಯುತ್ತದೆ, ನಿಧಾನವಾಗಿಯೇ ಬಿಡುತ್ತದೆ. ಹಸಿಯಿದ್ದಾಗ ಆಡಿದರೆ ಕಾಲಿನ ಗುಳಿಗಳು ಒಣಗಿ ಗಟ್ಟಿಯಾಗುತ್ತವೆ. ಆಮೇಲೆ ಅಲ್ಲಿ ಬಿದ್ದ ಚೆಂಡು ಎತ್ತ ಏಳುತ್ತದೋ ಹೇಳಲಾಗದು. ಒಂದು ಬೆಳಗಿನ ಹಟಕ್ಕೆ ಮುಂದಿನ ವಾರದ ಅಭ್ಯಾಸವೂ ಕೆಡುತ್ತದೆ.

ಬದಲಿ ಸಮಯದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 6.30ರ ಬ್ಯಾಚ್‌ನಲ್ಲಿ 24 ಮಕ್ಕಳು, ನಾಲ್ಕು ನೆಟ್ಸ್, ಎರಡು ಗಂಟೆ. ನೆಟ್ ಒಂದಕ್ಕೆ ಆರು ಮಂದಿ, ಪ್ರತಿಯೊಬ್ಬರಿಗೆ 20 ನಿಮಿಷ ಬ್ಯಾಟಿಂಗ್. ಸಂಜೆ ಸಿಕ್ಕಿದ ಇಂಡೋರ್‌ನಲ್ಲಿ ಎರಡೇ ಲೇನ್, ಅಷ್ಟೇ ಎರಡು ಗಂಟೆ. ಎಲ್ಲರನ್ನೂ ಒಟ್ಟಿಗೆ ಕರೆದರೆ ಲೇನ್‌ಗೆ ಹನ್ನೆರಡು ಮಂದಿ ಸಾಲು ನಿಂತು, ಹೆಚ್ಚಿನವರು ಮೊಬೈಲ್ ನೋಡುತ್ತಾರೆ. ಅರ್ಧರ್ಧ ಕರೆದರೆ ತಾಸಿಗೆ ಹನ್ನೆರಡು ಮಂದಿ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಬ್ಯಾಟಿಂಗ್ ಸಮಯ ಅರ್ಧಕ್ಕಿಳಿಯಿತು ನಿಜ, ಆದರೆ ಅಷ್ಟಾದರೂ ಸಿಕ್ಕಿತು. ರನ್‌ಅಪ್‌ಗೆ ಅಲ್ಲಿ ಜಾಗವಿಲ್ಲದ್ದರಿಂದ ವೇಗದ ಬೌಲರ್‌ಗಳು ನಾಲ್ಕು ಹೆಜ್ಜೆಯಿಂದಲೇ ಹಾಕಬೇಕು. ಫೀಲ್ಡಿಂಗ್‌ನ ಎತ್ತರದ ಕ್ಯಾಚ್ ಕೈಬಿಡಬೇಕು.

ಇಷ್ಟು ತೀರ್ಮಾನವಾದ ಮೇಲೆ ಸಂದೇಶ. ಶನಿವಾರ ರಾತ್ರಿಯೇ ಗ್ರೌಂಡ್ ಮುಳುಗಿರುವುದು ಖಚಿತವಾಗಿದ್ದರೆ ಒಂಬತ್ತು ಗಂಟೆಯೊಳಗೆ ಕಳಿಸುವುದು ಒಳ್ಳೆಯದು. ಯಲಹಂಕದಿಂದ ಜಯನಗರಕ್ಕೆ ಬರುವ ಹುಡುಗನ ಮನೆಯಲ್ಲಿ ಐದಕ್ಕೆ ಅಲಾರಂ ಇಟ್ಟಿರುತ್ತಾರೆ. ಹೀಗಿರಬಹುದು:

‘ನಾಳೆ ಭಾನುವಾರ ಬೆಳಿಗ್ಗೆ 6.30ರ ಪ್ರಾಕ್ಟೀಸ್ ಇಲ್ಲ. ಗ್ರೌಂಡ್‌ನಲ್ಲಿ ನೀರು ನಿಂತಿದೆ, ನೆಟ್ಸ್ ಕೂಡ ಹಸಿ. ಬದಲಿಗೆ ನಾಳೆಯೇ ಇಂಡೋರ್‌ನಲ್ಲಿ: 12 ವರ್ಷದೊಳಗಿನವರು 3.30ಕ್ಕೆ, ಉಳಿದವರು 4.30ಕ್ಕೆ. ಸ್ಪೈಕ್ಸ್ ಬೇಡ, ರಬ್ಬರ್ ಸೋಲ್ ಶೂ ತನ್ನಿ. ಬರಲಾಗದವರು ಮಾತ್ರ ಹೆಸರು ಹಾಕಿ.’

ಕೊನೆಯ ಸಾಲು ಸಣ್ಣದು, ಕೆಲಸ ದೊಡ್ಡದು. ಬರುವವರೆಲ್ಲ ‘ಓಕೆ ಸರ್’ ಎಂದರೆ ಇಪ್ಪತ್ತು ಉತ್ತರಗಳ ಕೆಳಗೆ ಮೂಲ ಸಂದೇಶ ಹೂತುಹೋಗುತ್ತದೆ. ಹೆಸರು ಹಾಕಿದವರು ನಾಲ್ವರಾದರೆ ಕೋಚ್ ಲೇನ್ ಹಂಚಿಕೆ ಬದಲಿಸಬಹುದು. ಸ್ಪೈಕ್ಸ್ ಮಾತು ಬಿಟ್ಟುಹೋದರೆ ಕೃತಕ ಹುಲ್ಲಿನ ಹಾಸು ಹರಿಯುತ್ತದೆ, ಬಾಡಿಗೆಯವರು ದಂಡ ಕೇಳುತ್ತಾರೆ.

ಎಡವಟ್ಟಾಗುವುದು ‘ಬಿಸಿಲು ಬಂದರೆ ಗ್ರೌಂಡ್, ಇಲ್ಲದಿದ್ದರೆ ಇಂಡೋರ್’ ಎಂದು ಎರಡನ್ನೂ ತೂಗುಬಿಟ್ಟಾಗ. ಅರ್ಧ ಮಂದಿ ಅಲ್ಲಿಗೆ, ಅರ್ಧ ಮಂದಿ ಇಲ್ಲಿಗೆ. ಇಂಡೋರ್ ಸಿಗದೆ ಗ್ರೌಂಡನ್ನೇ ಕಾಯಬೇಕಾದರೆ ನಿರ್ಧಾರದ ಹೊತ್ತನ್ನು ಹೇಳಬೇಕು: ‘ಮಧ್ಯಾಹ್ನ ಒಂದಕ್ಕೆ ನೋಡಿ ಹೇಳುತ್ತೇನೆ, ಅಲ್ಲಿವರೆಗೆ ಹೊರಡಬೇಡಿ.’ ಒಂದು ಗಂಟೆಗೆ ಹಿಮ್ಮಡಿಯ ಸುತ್ತ ಮತ್ತೆ ನೀರು ಒಸರಿದರೆ ಆ ದಿನಕ್ಕೆ ಅಷ್ಟೇ. ಬಾಕಿ ತರಗತಿ ವಾರದ ಮಧ್ಯದ ಒಂದು ಸಂಜೆಗೆ ಹೋಗುತ್ತದೆ.